ಬ್ಯಾಕ್‌ಟೆಸ್ಟ್ ಇಷ್ಟು ಚೆನ್ನಾಗಿ ಬಂದಿದೆ, ನಂಬಬಹುದಾ?

"ಈಗಿನ ಎಸ್ ಅಂಡ್ ಪಿ 500 ಲಿಸ್ಟ್ ತಗೊಂಡು, ಜೋರಾಗಿ ಬಿದ್ದ ಷೇರನ್ನ ಕೊಳ್ಳೋ ಸ್ಟ್ರಾಟಜಿನ 2005ರಿಂದ ಟೆಸ್ಟ್ ಮಾಡ್ದೆ. ರಿಸಲ್ಟ್ ಸಿಕ್ಕಾಪಟ್ಟೆ ಚೆನ್ನಾಗಿದೆ. ಡೇಟಾದಲ್ಲೇನಾದ್ರೂ ಎಡವಟ್ಟಿದ್ಯಾ?"

ಇದೆ, ಅದೂ ಮೊದಲನೇ ಸಾಲಲ್ಲೇ ಇದೆ, "ಈಗಿನ ಲಿಸ್ಟ್". ಬಿದ್ದು ಮೇಲೆ ಎದ್ದವರಷ್ಟೇ ಈಗಿನ ಲಿಸ್ಟಲ್ಲಿ ಇರ್ತಾರೆ, ಬಿದ್ದು ಅಲ್ಲೇ ಸತ್ತೋರು ಇರಲ್ಲ, ಹಾಗಾಗಿ ನಿಮ್ಮ ಥರದ ಸ್ಟ್ರಾಟಜಿಗೆ ಸರ್ವೈವರ್‌ಶಿಪ್ ಬಯಾಸ್ ಬೇರೆ ಬಹಳಷ್ಟು ಸ್ಟ್ರಾಟಜಿಗಿಂತ ಜಾಸ್ತಿ ಹೊಡೆಯುತ್ತೆ. 2008ರ ಸೆಪ್ಟೆಂಬರಲ್ಲಿ ಲೇಮನ್ ಬ್ರದರ್ಸ್ ದಿವಾಳಿ ಆಗೋ ಮುಂಚೆ ನಿಮ್ಮ ರೂಲ್ ಅದನ್ನ ಖಂಡಿತ ಕೊಳ್ತಿತ್ತು, ಆದ್ರೆ ಅದು ನಿಮ್ಮ ಡೇಟಾದಲ್ಲೇ ಇಲ್ವಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಬಿದ್ದ 100 ಷೇರಿಗೆ ತಲಾ 100ರಂತೆ ಹಾಕಿದ್ರಿ ಅಂದ್ಕೊಳ್ಳಿ, 90 ಷೇರು ಸರಾಸರಿ 15% ಏರ್ತು, 10 ಸೊನ್ನೆ ಆಯ್ತು. ಕೈಗೆ ಬರೋದು 10,350, ಅಂದ್ರೆ ಬರೀ 3.5% ಲಾಭ. ಆ ಹತ್ತು ಡೇಟಾದಲ್ಲಿ ಇಲ್ಲ ಅಂದ್ರೆ ಸ್ಕ್ರೀನ್ ಮೇಲೆ 15% ಅಂತ ಕಾಣುತ್ತೆ.

ಇನ್ನೊಂದು ಕಡೆ ಟೆಸ್ಲಾ ನೋಡಿ, ಅದು ಇಂಡೆಕ್ಸ್‌ಗೆ ಸೇರಿದ್ದೇ 2020ರ ಡಿಸೆಂಬರಲ್ಲಿ, ಆ ವರ್ಷ ಹುಚ್ಚಾಪಟ್ಟೆ ಏರಿದ ಮೇಲೆ. ನಿಮ್ಮ ಟೆಸ್ಟ್ ಅದನ್ನ 2015ರಲ್ಲೇ ಕೊಳ್ಳೋಕೆ ಬಿಡುತ್ತೆ, ಇದು ಲುಕ್-ಅಹೆಡ್, ಮುಂದೆ ಸೇರುತ್ತೆ ಅಂತ ಆವಾಗ ಯಾರಿಗೆ ಗೊತ್ತಿತ್ತು? ಆಯಾ ತಾರೀಖಿಗೆ ಯಾರ್ಯಾರು ಇಂಡೆಕ್ಸಲ್ಲಿ ಇದ್ರು ಅನ್ನೋ ಹಳೇ ಲಿಸ್ಟ್, ಜೊತೆಗೆ ಡೀಲಿಸ್ಟ್ ಆದ ಷೇರುಗಳ ಬೆಲೆ, ಎರಡೂ ಬೇಕು. ಟಿಕರ್ ನಂಬ್ಕೊಂಡು ಹುಡುಕಬೇಡಿ, 2008ರಲ್ಲಿ `WM` ಅಂದ್ರೆ ಮುಳುಗಿಹೋದ ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕ್, ಈಗ ಅದೇ `WM` ಕಸ ಸಾಗಿಸೋ ಕಂಪನಿದು!

ಡೇಟಾ ಸರಿ ಆದ್ಮೇಲೂ ಕೋಡಲ್ಲಿ ಎರಡು ಕಡೆ ನೋಡಿ. ಡೀಲಿಸ್ಟ್ ಆದ ದಿನದಿಂದ ಬೆಲೆ `NaN` ಬರುತ್ತೆ, ಅದನ್ನ `dropna()` ಅಂತ ಒರೆಸಿಬಿಟ್ರೆ ಕೊನೆಯ ನಷ್ಟ ಲೆಕ್ಕಕ್ಕೇ ಬರಲ್ಲ. ನಾನೇ ಇದನ್ನ ತಿಂಗಳುಗಟ್ಲೆ ಗಮನಿಸದೇ ಓಡಿಸಿದೀನಿ. ಎರಡನೇದು ಕೊಳ್ಳೋ ಬೆಲೆ:

```python
df["buy"] = df["low"]             # ತಪ್ಪು
df["buy"] = df["open"].shift(-1)  # ಮರುದಿನದ ಓಪನ್
```

ಕ್ಲೋಸ್ ನೋಡಿ ಸಿಗ್ನಲ್ ಬಂದಿದ್ರೆ ಅದೇ ದಿನದ ಲೋ ನಿಮಗೆ ಸಿಗೋ ಚಾನ್ಸೇ ಇಲ್ಲ. `shift(-1)` ನೋಡಿ ಗಾಬರಿ ಆಗ್ಬೇಡಿ, ಸಿಗ್ನಲ್‌ಗೆ ಹಾಕಿದ್ರೆ ಮೋಸ, ಕೊಳ್ಳೋ ಬೆಲೆಗೆ ಹಾಕಿದ್ರೆ ಸರಿ.

ಹೊಸ ಡೇಟಾ ತರೋ ಮುಂಚೆ ಒಂದು ಚೆಕ್ ಮಾಡಿ. ಸ್ಟ್ರಾಟಜಿ ಪಕ್ಕಕ್ಕಿಟ್ಟು, ನಿಮ್ಮ 500 ಷೇರಲ್ಲಿ 2005ರಲ್ಲೇ ಮಾರ್ಕೆಟ್‌ನಲ್ಲಿ ಇದ್ದವನ್ನೆಲ್ಲ ಆಗ ಸಮವಾಗಿ ಕೊಂಡು ಸುಮ್ನೆ ಇಟ್ಕೊಂಡಿದ್ರೆ ಏನಾಗ್ತಿತ್ತು ನೋಡಿ, ಅದನ್ನ ಎಸ್ ಅಂಡ್ ಪಿ 500 ಈಕ್ವಲ್ ವೆಯ್ಟ್ ಇಂಡೆಕ್ಸ್ ಜೊತೆ ಹೋಲಿಸಿ, ಡಿವಿಡೆಂಡ್ ಎರಡರಲ್ಲೂ ಒಂದೇ ಥರ ಇರಲಿ. ಏನೂ ಮಾಡದೇನೇ ನಿಮ್ಮದು ವರ್ಷವರ್ಷ ತುಂಬಾ ಮುಂದೆ ಹೋಗಿದ್ರೆ, ಆ ಲಾಭ ನಿಮ್ಮ ರೂಲ್‌ದಲ್ಲ, ಲಿಸ್ಟ್‌ದು.