ಹಬ್ಬದ ಬೆಳಿಗ್ಗೆ ಪೋಸ್ಟ್ ಹಾಕಿದರೆ ಓದುವವರು ಯಾರು?

ಬ್ಲಾಗ್ ಬರೆಯುವವರ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ: "ದೀಪಾವಳಿ ದಿನ ಬೆಳಿಗ್ಗೆ ಐದಕ್ಕೇ ಎದ್ದು ಪೋಸ್ಟ್ ಹಾಕಿದೆ, ನೂರು ವ್ಯೂಸ್ ಕೂಡ ಇಲ್ಲ. ಹೋದ ವರ್ಷದ್ದು ಹಳೇದಾಯ್ತು ಅಂತ ಹಿಂದಿನ ದಿನವೇ ಡಿಲೀಟ್ ಮಾಡಿ, 2025 ಅಂತ ಹೊಸದಾಗಿ ಬರೆದಿದ್ದೆ. ವರ್ಡ್‌ಪ್ರೆಸ್. ಎಲ್ಲಿ ತಪ್ಪಿದೆ, ಯಾರಾದ್ರೂ ಹೇಳ್ತೀರಾ?"

ಡಿಲೀಟ್ ಅನ್ನೋ ಪದ ಓದಿದ ಕೂಡಲೇ ಸಂಕಟ ಆಯ್ತು ಮೇಡಂ. ನಾನು ಮೂರು ವರ್ಷ ಇದನ್ನೇ ಮಾಡಿದವನು. ವರ್ಷಕ್ಕೊಂದು ಹೊಸ ಪೋಸ್ಟ್, ಅದೂ ಹಬ್ಬದ ದಿನ ಮುಂಜಾನೆ. ದೀಪಾವಳಿ ಬೆಳಿಗ್ಗೆ ಯಾರು ಮೊಬೈಲ್ ಹಿಡಿದು ಹಬ್ಬದ ಮಹತ್ವ ಓದುತ್ತಾರೆ ಹೇಳಿ? ಎಣ್ಣೆ ಸ್ನಾನ ಮಾಡುತ್ತಿರುತ್ತಾರೆ. ಅವರಿಗೆ ಬೇಕಾಗಿದ್ದು ಲಕ್ಷ್ಮೀ ಪೂಜೆ ಅಕ್ಟೋಬರ್ 20ಕ್ಕೋ 21ಕ್ಕೋ ಅನ್ನುವುದು. ಅದನ್ನು ಅವರು ವಾರದ ಹಿಂದೆಯೇ ಹುಡುಕಿ ಮುಗಿಸಿದ್ದರು. 2024ರಲ್ಲೂ ಅಮಾವಾಸ್ಯೆ ಎರಡು ದಿನಕ್ಕೆ ಹರಡಿತ್ತು, ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಅಂತ ಇದೇ ಗಲಾಟೆ. ಹಳೇ ಪೋಸ್ಟನ್ನು ಡಿಲೀಟ್ ಮಾಡದೆ ಮೊದಲೇ ತಿದ್ದಿಟ್ಟಿದ್ದರೆ, ಈ ಸಲ ದಿನಾಂಕ ಹುಡುಕಿದವರು ಅದಕ್ಕೇ ಬರಬಹುದಿತ್ತು.

ನಾನು ಈಗ ಮಾಡುವುದನ್ನು ವರಮಹಾಲಕ್ಷ್ಮಿ ಹಬ್ಬದ ಉದಾಹರಣೆಯಲ್ಲಿ ಹೇಳುತ್ತೇನೆ. ನನ್ನ ಸೈಟಿಗೆ ಅತಿ ಜಾಸ್ತಿ ಜನ ಬರುವುದು ಆ ಹಬ್ಬಕ್ಕೇ. ನನ್ನ ಮಾನ ಹೋಗಿದ್ದೂ ಅದರಲ್ಲೇ.

2023ರ ಕಥೆ. ಪಂಚಾಂಗ ನೋಡುವಷ್ಟು ತಾಳ್ಮೆ ಇರಲಿಲ್ಲ. ಆಷಾಢ ಅಮಾವಾಸ್ಯೆ ಮುಗಿಯಿತು, ಜುಲೈ 18ಕ್ಕೆ ಶ್ರಾವಣ, ಹುಣ್ಣಿಮೆ ಆಗಸ್ಟ್ 1, ಅದರ ಹಿಂದಿನ ಶುಕ್ರವಾರ ಜುಲೈ 28 ಅಂತ ಬೆರಳಲ್ಲಿ ಎಣಿಸಿ, ದೊಡ್ಡ ಅಕ್ಷರದಲ್ಲಿ ಹಾಕಿಬಿಟ್ಟೆ. ಲೆಕ್ಕ ಸರಿಯಾಗಿಯೇ ಇತ್ತು, ಮಾಸ ತಪ್ಪಿತ್ತು. ಆ ವರ್ಷ ಅಧಿಕ ಶ್ರಾವಣ. ನಿಜ ಶ್ರಾವಣ ಶುರುವಾಗಿದ್ದೇ ಆಗಸ್ಟ್ 17ಕ್ಕೆ, ಹಬ್ಬ ಇದ್ದಿದ್ದು ಆಗಸ್ಟ್ 25ಕ್ಕೆ. ಒಬ್ಬರು ಅಜ್ಜಿ ಕಾಮೆಂಟ್ ಹಾಕಿದರು: "ಅಧಿಕ ಮಾಸದಲ್ಲಿ ಯಾರಪ್ಪಾ ಕಳಶ ಇಡ್ತಾರೆ?" ಅಷ್ಟರಲ್ಲಿ ಆ ಲಿಂಕ್ ಎಷ್ಟೋ ವಾಟ್ಸಾಪ್ ಗುಂಪುಗಳಿಗೆ ಹೋಗಿತ್ತು. ನಮ್ಮ ಅತ್ತಿಗೆಯೇ ನನಗೆ ಫಾರ್ವರ್ಡ್ ಮಾಡಿ, ಇದು ಯಾವನೋ ತಲೆ ಕೆಟ್ಟವನು ಬರೆದಿದ್ದು ನೋಡು ಅಂದರು. ನಾನೇ ಅಂತ ಇವತ್ತಿಗೂ ಹೇಳಿಲ್ಲ.

ಅದಾದ ಮೇಲೆ ವರ್ಷದ ಶುರುವಿನಲ್ಲಿ ಒಂಟಿಕೊಪ್ಪಲ್ ಪಂಚಾಂಗ ತರುತ್ತೇನೆ. ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಎರಡೂ ಒಂದೇ ದಿನ ಹೇಳಿದರೆ ಮಾತ್ರ ದಿನಾಂಕ ಹಾಕುತ್ತೇನೆ. ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದು, ನಿಮ್ಮ ಮನೆ ಪದ್ಧತಿ ನೋಡಿಕೊಳ್ಳಿ ಅಂತ ಬಿಡುತ್ತೇನೆ. ಆನ್‌ಲೈನ್ ಪಂಚಾಂಗ ಬೇಡ ಅನ್ನುತ್ತಿಲ್ಲ. ಆದರೆ ಅದರಲ್ಲಿ ಮೊದಲು ನಿಮ್ಮ ಊರನ್ನು ಆರಿಸಿ. ದೆಹಲಿಯ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ಮುಹೂರ್ತವನ್ನು ಹಾಸನದವರಿಗೆ ಕೊಡುವ ಸೈಟುಗಳು ಬೇಕಾದಷ್ಟಿವೆ.

2026ಕ್ಕೂ ಇದೇ ಎಚ್ಚರ ಬೇಕು, ಅಧಿಕ ಜ್ಯೇಷ್ಠ ಇದೆ. ಮೇ 17ರಿಂದ ಜೂನ್ 15. ಅದರ ನಂತರದ ಹಬ್ಬಗಳೆಲ್ಲ ಮುಂದಕ್ಕೆ ಹೋಗುತ್ತವೆ. 2025ರಲ್ಲಿ ಗಣೇಶ ಚೌತಿ ಆಗಸ್ಟ್ 27ಕ್ಕಿತ್ತು, 2026ರಲ್ಲಿ ಸೆಪ್ಟೆಂಬರ್ 14. ಹೋದ ವರ್ಷದ ತಿಂಗಳು ನೋಡಿಕೊಂಡು ಪ್ಲಾನ್ ಮಾಡಿದರೆ ಕೆಟ್ಟಿರಿ.

ಈಗ ನನ್ನ ವಿಧಾನ. ಒಂದು ನೋಟ್‌ಬುಕ್‌ನಲ್ಲಿ ಹಬ್ಬದ ದಿನವನ್ನು ಸೊನ್ನೆ ಅಂತ ಬರೆಯುತ್ತೇನೆ, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ವರಮಹಾಲಕ್ಷ್ಮಿಗೆ ಸುಮಾರು ಮೂವತ್ತು ದಿನ ಮೊದಲು ಜನ ಕೇಳುವುದು ಒಂದೇ, ಈ ವರ್ಷ ಯಾವತ್ತು? ಎರಡು ವಾರ ಇದ್ದಾಗ ಕಳಶಕ್ಕೆ ಸೀರೆ ಉಡಿಸುವುದು ಹೇಗೆ, ಮಂಟಪದ ಅಲಂಕಾರ. ಕೊನೇ ವಾರ ಪೂಜಾ ಸಾಮಗ್ರಿ ಪಟ್ಟಿ. ಗುರುವಾರ ರಾತ್ರಿ ಮತ್ತು ಶುಕ್ರವಾರ ಬೆಳಿಗ್ಗೆ ವ್ರತ ಕಥೆ, ಪೂಜೆಯ ಸಮಯ. ಆಮೇಲೆ ಶನಿವಾರ ಬೆಳಿಗ್ಗೆ ಒಂದು ದೊಡ್ಡ ಅಲೆ ಬರುತ್ತದೆ. ಇದನ್ನು ಯಾರೂ ಬರೆಯುವುದಿಲ್ಲ: ಕಳಶ ಯಾವಾಗ ತೆಗೆಯಬೇಕು? ಕಳಶದ ಅಕ್ಕಿ, ತೆಂಗಿನಕಾಯಿ ಏನು ಮಾಡಬೇಕು? ನೀರನ್ನು ಎಲ್ಲಿ ಹಾಕಬೇಕು? ಅದನ್ನು ಒಂದು ಸಣ್ಣ ಪ್ಯಾರಾದಲ್ಲಿ ಬರೆದು ಬುಧವಾರವೇ ಸೇರಿಸಿಡಿ. ಹಬ್ಬಕ್ಕಿಂತ ಹಬ್ಬದ ಮರುದಿನವೇ ನನ್ನ ಪೇಜಿಗೆ ಹೊಸಬರು ಜಾಸ್ತಿ ಬಂದದ್ದುಂಟು.

ಇದೆಲ್ಲ ಐದು ಪೋಸ್ಟ್ ಅಲ್ಲ, ಒಂದೇ. ವಿಳಾಸವೂ ಒಂದೇ:

```
ತಪ್ಪು: /varamahalakshmi-habba-2025/
ಸರಿ:  /varamahalakshmi-habba/
```

ಶೀರ್ಷಿಕೆಯಲ್ಲಿ ವರ್ಷ ಹಾಕಿ, ಪ್ರತಿ ವರ್ಷ ತಿದ್ದಿ. ವಿಳಾಸದಲ್ಲಿ ಮಾತ್ರ ಬೇಡವೇ ಬೇಡ. ಆರು ವಾರ ಮೊದಲು ಹಳೆಯ ಪೇಜನ್ನೇ ತೆರೆದು ದಿನಾಂಕ, ಮುಹೂರ್ತ ಬದಲಿಸಿ, ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಅಂಟಿಸಿ Request indexing ಒತ್ತಿ. ಸುಮ್ನೆ ಪ್ರಕಟಣೆಯ ದಿನಾಂಕ ಮಾತ್ರ ಬದಲಿಸಿ ಒಳಗೆ ಹಳೇ ಶುಕ್ರವಾರವನ್ನೇ ಬಿಡಬೇಡಿ, ಓದುವವರು ಉಗಿಯುತ್ತಾರೆ. ಬ್ಲಾಗರ್‌ನಲ್ಲಿರುವವರಿಗೆ ಒಂದು ತೊಂದರೆ ಇದೆ, ಪೋಸ್ಟ್‌ನ ವಿಳಾಸದಲ್ಲಿ ವರ್ಷ, ತಿಂಗಳು ತಾನಾಗಿಯೇ ಬಂದು ಕೂರುತ್ತದೆ. ಹಬ್ಬಗಳಿಗೆ ಪೋಸ್ಟ್ ಬದಲು ಪೇಜ್ ಮಾಡಿ, ಆಗ `/p/` ಅಂತ ಮಾತ್ರ ಬರುತ್ತದೆ. ನಾನು ಈ ಒಂದು ಕಾರಣಕ್ಕೇ ಬ್ಲಾಗರ್ ಬಿಟ್ಟವನು, ಆದರೆ ಅದು ನನ್ನ ಹಟ. ಎಸ್‌ಇಒ ಪ್ಲಗಿನ್‌ನ ಹಸಿರು ದೀಪ ನೋಡಿ ಖುಷಿ ಪಡುವವರಿಗೆ ಒಂದು ಮಾತು. ಆ ದೀಪಕ್ಕೆ ಶ್ರಾವಣ ಯಾವುದು, ಅಧಿಕ ಶ್ರಾವಣ ಯಾವುದು ಗೊತ್ತಿಲ್ಲ.

ಗುಂಪಿನಲ್ಲಿ ಒಬ್ಬರು ಗೂಗಲ್ ಟ್ರೆಂಡ್ಸ್ ನೋಡಿ, ಎಲ್ಲಾ ಗೊತ್ತಾಗುತ್ತೆ ಅಂದಿದ್ದಾರೆ. ಅರ್ಧ ನಿಜ. ಯಾವ ಪ್ರಶ್ನೆ ಮೊದಲು ಏಳುತ್ತದೆ, ಯಾವುದು ಆಮೇಲೆ ಅಂತ ತಿಳಿಯಲು ಒಳ್ಳೆಯದು. ಆದರೆ ಅಲ್ಲಿ ಕಾಣುವ 100 ಅಂದರೆ ನೂರು ಜನ ಅಲ್ಲ, ಆ ಅವಧಿಯ ಅತಿ ಎತ್ತರದ ಬಿಂದು ಅಷ್ಟೆ. ಕನ್ನಡ ಲಿಪಿಯಲ್ಲಿ ಹಾಕಿದರೆ ಎಷ್ಟೋ ಸಲ ಸಾಕಷ್ಟು ಡೇಟಾ ಇಲ್ಲ ಅಂದುಬಿಡುತ್ತದೆ. ನಿಮ್ಮದೇ ಸರ್ಚ್ ಕನ್ಸೋಲ್ ಇನ್ನೂ ನಂಬಿಕಸ್ತ. ಅಲ್ಲೂ ಒಂದು ಬಲೆ ಇದೆ. ಹೋದ ವರ್ಷದ ಅದೇ ತಾರೀಖಿಗೆ ಹೋಲಿಸಿದರೆ ಚಾಂದ್ರಮಾನದ ಹಬ್ಬ ಜಾರಿ ಹೋಗಿರುತ್ತದೆ. 2024ರಲ್ಲಿ ಹಬ್ಬ ಆಗಸ್ಟ್ 16, 2025ರಲ್ಲಿ ಆಗಸ್ಟ್ 8. ಹಾಗಾಗಿ ನಾನು ಜುಲೈ 17ರಿಂದ ಆಗಸ್ಟ್ 18ನ್ನು, ಜುಲೈ 9ರಿಂದ ಆಗಸ್ಟ್ 10ರ ಜೊತೆ ಇಟ್ಟು ನೋಡಿದೆ. ಸೊನ್ನೆಗೆ ಸೊನ್ನೆ ಕೂತಿತು. ಮೊದಲು ಸುಮ್ನೆ ತಾರೀಖಿಗೆ ತಾರೀಖು ನೋಡಿದಾಗ ಟ್ರಾಫಿಕ್ ಬಿದ್ದೇ ಹೋಯಿತು ಅಂತ ಎರಡು ದಿನ ಊಟ ಸೇರಿರಲಿಲ್ಲ. ಅಲ್ಲಿ 16 ತಿಂಗಳ ಲೆಕ್ಕ ಮಾತ್ರ ಉಳಿಯುತ್ತದೆ, ಹಬ್ಬ ಮುಗಿದ ವಾರವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೂರು ತಿಂಗಳು ಮೊದಲೇ ಹಾಕಿ ಅಂದ ಅಣ್ಣಾ, ಹೊಸ ಸೈಟಿಗೆ ಅದು ಸರಿ. ವಿಳಾಸ ಹಳೆಯದಿದ್ದರೆ ಅಷ್ಟು ಬೇಡ. ರಂಗೋಲಿ ಚಾನೆಲ್ ಅಕ್ಕ ಕೇಳಿದ್ದು ವಿಡಿಯೊ ಬಗ್ಗೆ. ಅದರಲ್ಲಿ ನನ್ನ ಅನುಭವ ಕಡಿಮೆ, ನಾನು ಹೇಳಿದ್ದನ್ನು ಅಲ್ಲಿ ಹಾಗೇ ಮಾಡಲು ಹೋಗಬೇಡಿ.

ಇನ್ನೊಬ್ಬರು ರಜೆ ಪಟ್ಟಿ ಪಿಡಿಎಫ್ ಕೊಡಿ ಅಂತ ಕೇಳಿದ್ದಾರೆ. ಪ್ರಶ್ನೆ ಅದಲ್ಲ, ಆದರೂ ಬಂತಲ್ಲ, ಹೇಳಿಬಿಡುತ್ತೇನೆ. ಸರ್ಕಾರದ ಪಟ್ಟಿಯನ್ನು ಹಾಗೇ ಕಾಪಿ ಮಾಡಿದ ಪೋಸ್ಟ್‌ಗಳು ಸಾವಿರ ಇವೆ. ಪಟ್ಟಿಯಲ್ಲಿ ಇಲ್ಲದ್ದನ್ನು ಬರೆಯಿರಿ. 2025ರಲ್ಲಿ ಯುಗಾದಿ ಭಾನುವಾರ ಬಂತು, ಭಾನುವಾರದ ಹಬ್ಬ ಪಟ್ಟಿಯಲ್ಲಿ ಸೇರುವುದಿಲ್ಲ. ಯುಗಾದಿಗೆ ರಜೆನೇ ಇಲ್ವಾ ಅಂತ ಜನ ಗಾಬರಿಯಾಗಿ ಹುಡುಕಿದರು. ಕೊಡಗಿಗೆ ಮಾತ್ರ ಕೈಲ್ ಮುಹೂರ್ತ, ಹುತ್ತರಿಯ ಸ್ಥಳೀಯ ರಜೆ ಇರುತ್ತದೆ, ಅದನ್ನು ಎಲ್ಲರಿಗೂ ರಜೆ ಅಂತ ಬರೆದು ಬೈಸಿಕೊಳ್ಳಬೇಡಿ. ಶಾಲೆ ರಜೆ ಇನ್ನೂ ಕಷ್ಟ. 2025ರಲ್ಲಿ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಜಾತಿ ಸಮೀಕ್ಷೆ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ಎಳೆದರು. ಶೆಡ್ಯೂಲ್ ಮಾಡಿ ಮರೆತವರ ಸೈಟಿನಲ್ಲಿ ಹಳೇ ದಿನಾಂಕವೇ ಕೂತಿತ್ತು.

ಪರೀಕ್ಷೆ ವಿಷಯಕ್ಕೆ ನಮ್ಮ ಗುಂಪಿನ ಮೇಷ್ಟ್ರು ಹೇಳಿದ್ದೇ ಸರಿ. ರಿಸಲ್ಟ್ ದಿನ ನಮ್ಮಂಥ ಸಣ್ಣವರು ದೊಡ್ಡ ಸುದ್ದಿ ಸೈಟುಗಳ ಮುಂದೆ ನಿಲ್ಲಲಾರೆವು. `karresults.nic.in` ಬಿಟ್ಟು ಬೇರೆ ಲಿಂಕ್‌ಗೆ ಇಲ್ಲಿ ಕ್ಲಿಕ್ ಮಾಡಿ ಅಂತ ಬಟನ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಮಕ್ಕಳು ಗಾಬರಿಯಲ್ಲಿರುತ್ತಾರೆ, ಅವರ ಬೆರಳನ್ನು ಜಾಹೀರಾತಿಗೆ ಒತ್ತಿಸಬೇಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೆ. ಅದರ ಮರುದಿನದಿಂದ ಮರು ಮೌಲ್ಯಮಾಪನ ಹೇಗೆ, ಪರೀಕ್ಷೆ-2ಕ್ಕೆ ಅರ್ಜಿ ಹೇಗೆ ಅನ್ನುವ ಹುಡುಕಾಟ ವಾರಗಟ್ಟಲೆ ನಡೆಯುತ್ತದೆ. ನಮ್ಮ ಜಾಗ ಅದು. ಏಪ್ರಿಲ್‌ನಲ್ಲೇ ಬರೆದಿಟ್ಟು, ಶುಲ್ಕ ಮತ್ತು ಕೊನೇ ದಿನಾಂಕದ ಜಾಗ ಖಾಲಿ ಬಿಟ್ಟು, ಮಂಡಳಿಯ ಸುತ್ತೋಲೆ ಬಂದ ಮೇಲೆ ತುಂಬಿ.

ಆಗಸ್ಟ್ 15ರ ಭಾಷಣ ಮಾತ್ರ ಬಲು ಸುಲಭ, ತಾರೀಖು ಜಾರುವುದಿಲ್ಲ. ಆದರೆ ನಾಲ್ಕು ಪುಟ ಬರೆಯಬೇಡಿ. ಮೂರನೇ ಕ್ಲಾಸಿನ ಮಗುವಿನ ಅಮ್ಮ ರಾತ್ರಿ ಹತ್ತಕ್ಕೆ ಹುಡುಕುವುದು ಹತ್ತು ಸಾಲು. ನೋಟ್‌ಬುಕ್‌ಗೆ ಬರೆದುಕೊಳ್ಳುವ ಹಾಗೆ ಸಣ್ಣ ಸಾಲುಗಳಲ್ಲಿ ಕೊಡಿ.

ಶೀರ್ಷಿಕೆ ಕನ್ನಡ ಲಿಪಿಯಲ್ಲೋ, ಇಂಗ್ಲಿಷ್ ಅಕ್ಷರದಲ್ಲೋ ಅನ್ನುವ ಜಗಳ ಇಲ್ಲಿ ಮುಗಿಯುವುದಿಲ್ಲ. ನಾನು ಶೀರ್ಷಿಕೆ ಕನ್ನಡದಲ್ಲಿಟ್ಟು, ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ ಬಳಸುತ್ತೇನೆ. ಉಗಾದಿ, ಯುಗಾದಿ ಎರಡನ್ನೂ ಒಳಗೆ ಒಂದೊಂದು ಸಲ ಬರೆಯುತ್ತೇನೆ. ಇದರಿಂದಲೇ ಲಾಭವಾಯಿತು ಅಂತ ಎದೆ ತಟ್ಟಿ ಹೇಳಲಾರೆ.

ಮೇಡಂ, ಈಗ ಇದನ್ನೆಲ್ಲ ಬಿಟ್ಟು ಮೊದಲು ಒಂದು ಕೆಲಸ ಮಾಡಿ. ವರ್ಡ್‌ಪ್ರೆಸ್‌ನ Trash ತೆರೆಯಿರಿ. ಅಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ, ನಿಮ್ಮದು ಇನ್ನೂ ಅಲ್ಲೇ ಇರಬೇಕು. Restore ಒತ್ತಿದರೆ ಡ್ರಾಫ್ಟ್ ಆಗಿ ಬರುತ್ತದೆ, ಮತ್ತೆ ಪಬ್ಲಿಷ್ ಮಾಡಬೇಕು. ಆಮೇಲೆ ವಿಳಾಸದಿಂದ ವರ್ಷ ತೆಗೆಯಿರಿ, ಹಳೇ ವಿಳಾಸಕ್ಕೆ ಬಂದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ. ಈ ವರ್ಷದ ಬರಹದಲ್ಲಿ ಚೆನ್ನಾಗಿರುವುದನ್ನು ಅದರೊಳಗೆ ಸೇರಿಸಿ, 2025ರ ಪೋಸ್ಟ್‌ನಿಂದ ಅದಕ್ಕೆ 301 ರಿಡೈರೆಕ್ಟ್ ಕೊಡಿ. Trash ಖಾಲಿ ಇದ್ದರೆ ಹೋಸ್ಟಿಂಗ್‌ನವರ ಹತ್ತಿರ ಅಕ್ಟೋಬರ್ ಮೊದಲ ವಾರದ ಬ್ಯಾಕಪ್ ಇದೆಯಾ ಕೇಳಿ. ಇವತ್ತೇ ಕೇಳಿ, ಅವರೂ ಹಳೆಯದನ್ನು ಅಳಿಸುತ್ತಿರುತ್ತಾರೆ.