ಸೀರಮ್ ಮತ್ತು ಡ್ರೈ ಶಾಂಪೂ ಪದರ ಕಟ್ಟಿದ ಕೂದಲಿಗೆ ಒಂದು ತೊಳೆತ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವಳು. ದಿನವೂ ಸೀರಮ್ ಹಚ್ಚುತ್ತೇನೆ, ನಡುವೆ ಡ್ರೈ ಶಾಂಪೂ ಹಾಕುತ್ತೇನೆ. ಈಗ ತಲೆಸ್ನಾನ ಮಾಡಿದ ದಿನವೇ ಕೂದಲು ನೆತ್ತಿಗೆ ಅಂಟಿಕೊಂಡು ಜೋತು ಬೀಳುತ್ತಿದೆ. ಕ್ಲಾರಿಫೈಯಿಂಗ್ ಶಾಂಪೂ ಬಳಸಿದರೆ ಸರಿಹೋಗುತ್ತದೆಯೇ?

ಹೆಚ್ಚಿನ ಮಟ್ಟಿಗೆ ಸರಿಹೋಗುತ್ತದೆ, ಆದರೆ ಮೊದಲು ತೊಂದರೆ ಪದರದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪೂರ್ತಿ ಒಣಗಿದ ಒಂದು ಎಳೆಯನ್ನು ಬೆರಳುಗಳ ನಡುವೆ ಬುಡದಿಂದ ತುದಿಯವರೆಗೆ ಎಳೆದಾಗ ಮೇಣ ಸವರಿದಂತೆ ಅನ್ನಿಸಿದರೆ, ಮತ್ತು ಮೊದಲ ಸಲ ಹಾಕಿದ ಶಾಂಪೂ ನೊರೆಯನ್ನೇ ಕೊಡದಿದ್ದರೆ, ಅದು ಪದರವೇ. ಅದರ ಬದಲು ಎಳೆ ಒರಟಾಗಿದ್ದು, ಒದ್ದೆಯಾದಾಗ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತಿದ್ದರೆ ಅದು ಬಣ್ಣದಿಂದಲೋ ಬಿಸಿಯಿಂದಲೋ ಆದ ಹಾನಿ. ಅಂಥ ಕೂದಲನ್ನು ಗಡುಸಾದ ಶಾಂಪೂವಿನಿಂದ ತೊಳೆದರೆ ಇನ್ನಷ್ಟು ಹದಗೆಡುತ್ತದೆ.

ನಾನು ಚಿಂತಾಮಣಿಯಲ್ಲಿ 13 ವರ್ಷಗಳಿಂದ ಪಾರ್ಲರ್ ನಡೆಸುತ್ತಿದ್ದೇನೆ. ಕಳೆದ ವರ್ಷ ನನ್ನ ತಂಗಿಯ ಮಗಳದ್ದೂ ಇದೇ ಕಥೆಯಾಗಿತ್ತು. ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗುವ ಅವಳು ದಿನವೂ ಸೀರಮ್ ಹಚ್ಚಿಕೊಂಡು, ವಾರಕ್ಕೆ ಮೂರು ದಿನ ನೆತ್ತಿಗೆ ಡ್ರೈ ಶಾಂಪೂ ಹೊಡೆದುಕೊಂಡು, ಭಾನುವಾರ ಮಾತ್ರ ಸಲ್ಫೇಟ್ ಇಲ್ಲದ ಮೃದುವಾದ ಶಾಂಪೂವಿನಿಂದ ತಲೆ ತೊಳೆಯುತ್ತಿದ್ದಳು. ಸೀರಮ್‌ನಲ್ಲಿರುವ ಸಿಲಿಕೋನ್‌ಗಳಲ್ಲಿ ಕೆಲವು ಹಚ್ಚಿದ ಮೇಲೆ ಆವಿಯಾಗಿ ಹೋಗುತ್ತವೆ, ಆದರೆ ಡೈಮೆಥಿಕೋನ್ ನೀರಿನಲ್ಲಿ ಕರಗದೆ ಎಳೆಯ ಮೇಲೆಯೇ ಉಳಿಯುತ್ತದೆ, ಅಮೋಡೈಮೆಥಿಕೋನ್ ಅಂತೂ ಸವೆದ ತುದಿಗಳನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ. ಡ್ರೈ ಶಾಂಪೂ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು, ಏಕೆಂದರೆ ಅದು ಏನನ್ನೂ ತೊಳೆಯುವುದಿಲ್ಲ: ಅದರಲ್ಲಿರುವ ಅಕ್ಕಿಯದೋ ಮೆಕ್ಕೆಜೋಳದ್ದೋ ಪಿಷ್ಟ ನೆತ್ತಿಯ ಜಿಡ್ಡನ್ನು ಹೀರಿಕೊಂಡು ಅಲ್ಲೇ ಕುಳಿತಿರುತ್ತದೆ. ಜಿಡ್ಡು, ಹಿಟ್ಟು, ಸಿಲಿಕೋನ್ ಮೂರೂ ಸೇರಿ ಬುಡದಲ್ಲಿ ಕಣಕದಂತಾದಾಗ ಆ ಭಾರಕ್ಕೆ ತೆಳು ಕೂದಲು ಎದ್ದು ನಿಲ್ಲುವುದಾದರೂ ಹೇಗೆ? ನಮ್ಮಮ್ಮ ಮಾತ್ರ, ಎಣ್ಣೆ ಹಚ್ಚದಿದ್ದದ್ದಕ್ಕೇ ಹೀಗಾಗಿದೆ ಎಂದು ಕೊನೆಯವರೆಗೂ ವಾದಿಸಿದರು.

ಕ್ಲಾರಿಫೈಯಿಂಗ್ ಶಾಂಪೂವಿನಲ್ಲಿ ಕೊಳೆ ಎತ್ತುವ ಅಂಶ ಹೆಚ್ಚು, ಕೂದಲಿಗೆ ನುಣುಪು ಕೊಡಲು ಹಿಂದೆ ಉಳಿಯುವ ಅಂಶ ಕಡಿಮೆ. ಅವಳಿಗೆ ಹಿಂದಿನ ರಾತ್ರಿ ಎಣ್ಣೆ ಹಚ್ಚಬೇಡವೆಂದು ಹೇಳಿದ್ದೆ, ಹಚ್ಚಿದ್ದರೆ ಶಾಂಪೂವಿನ ಶಕ್ತಿಯೆಲ್ಲ ಎಣ್ಣೆ ತೆಗೆಯುವುದರಲ್ಲೇ ಮುಗಿಯುತ್ತಿತ್ತು. ಒಣ ಕೂದಲನ್ನು ಬಾಚಿ ಹಿಟ್ಟನ್ನು ಉದುರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನೆನೆಸಿ, ಎರಡು ಟೀ ಚಮಚೆಯಷ್ಟು ಶಾಂಪೂವನ್ನು ನೀರಿನಲ್ಲಿ ಬೆರೆಸಿ ನೆತ್ತಿಗೆ ಮಾತ್ರ ಹಾಕಿ ಬೆರಳ ತುದಿಗಳಿಂದ ಒಂದು ನಿಮಿಷ ಉಜ್ಜಿದೆ. ನಿರೀಕ್ಷಿಸಿದಂತೆ ನೊರೆ ಬರಲೇ ಇಲ್ಲ. ತೊಳೆದು ಮತ್ತೆ ಅಷ್ಟೇ ಹಾಕಿದಾಗ ನೊರೆ ಉಕ್ಕಿತು, ಆ ನೊರೆಯನ್ನು ಉದ್ದಕ್ಕೂ ಇಳಿಸಿ ಎರಡು ನಿಮಿಷ ಬಿಟ್ಟು ತೊಳೆದೆ. ಆಮೇಲೆ ಕಿವಿಯಿಂದ ಕೆಳಗೆ ಮಾತ್ರ ಕಂಡೀಷನರ್ ಹಾಕಿದೆ, ಇದನ್ನು ಬಿಟ್ಟರೆ ತುದಿಗಳು ತೆಂಗಿನ ನಾರಿನಂತಾಗುತ್ತವೆ.

ಒಣಗಿದ ಮೇಲೆ ಬುಡ ಎದ್ದು ನಿಂತಿತು, ಆದರೆ ಉದ್ದದಲ್ಲಿ ಮಂಕು ಮತ್ತು ಒರಟುತನ ಉಳಿದಿತ್ತು. ಅದು ಸೀರಮ್‌ನ ಕೆಲಸವಲ್ಲ, ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನದು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ಕಟ್ಟುವ ಕ್ಯಾಲ್ಸಿಯಂ ಕೂದಲಿಗೂ ಅಂಟುತ್ತದೆ, ಅದನ್ನು ನೊರೆಯೊಂದೇ ಬಿಡಿಸಲಾರದು. ಮೂರು ವಾರ ಬಿಟ್ಟು, ಕ್ಯಾಲ್ಸಿಯಂ ಅನ್ನು ಹಿಡಿದು ಬಿಡಿಸುವ ಇಡಿಟಿಎ ಎಂಬ ಅಂಶ ಚೀಟಿಯ ಮೇಲೆ ನಮೂದಾಗಿದ್ದ, ಗಡಸು ನೀರಿಗೆಂದೇ ಮಾಡಿದ ಕೀಲೇಟಿಂಗ್ ಶಾಂಪೂವಿನಿಂದ ತೊಳೆದು, ಕೊನೆಗೆ ಎರಡು ಚೊಂಬು ಫಿಲ್ಟರ್ ನೀರು ಸುರಿದ ಮೇಲೆ ಆ ಮಂಕು ಹೋಯಿತು. ಇದರ ಬದಲು ಕೆಲವರು ಅಡುಗೆ ಸೋಡಾ ಹಾಕಿಕೊಳ್ಳುತ್ತಾರೆ. ಅದು ಕ್ಷಾರವಾದ್ದರಿಂದ ಕೂದಲಿನ ಹೊರಪದರವನ್ನು ಎಬ್ಬಿಸಿ ಸಿಕ್ಕು ಮಾಡುತ್ತದೆ, ಬೇಡ.

ಈಗ ಅವಳು ಈ ಬಗೆಯ ತೊಳೆತವನ್ನು ತಿಂಗಳಿಗೊಮ್ಮೆ ಮಾಡುತ್ತಾಳೆ, ಎರಡು ಹನಿ ಸೀರಮ್ಮನ್ನು ತುದಿಗಳಿಗೆ ಮಾತ್ರ ಹಚ್ಚುತ್ತಾಳೆ, ಡ್ರೈ ಶಾಂಪೂ ಹಾಕಿದ ಮರುದಿನವೇ ತಲೆಸ್ನಾನ ಮಾಡುತ್ತಾಳೆ. ನೀವು ಕೂದಲಿಗೆ ಬಣ್ಣ ಹಾಕಿಸಿದ್ದರೆ ಅಥವಾ ಸ್ಮೂದನಿಂಗ್ ಮಾಡಿಸಿದ್ದರೆ ಈ ತೊಳೆತದಿಂದ ಅದು ಬೇಗ ಮಾಸುತ್ತದೆ, ಮಾಡಿಸಿದವರನ್ನು ಕೇಳಿಯೇ ಮುಂದುವರಿಯಿರಿ. ಎರಡು ತೊಳೆತದ ಮೇಲೂ ಕೂದಲು ಏಳದೆ, ಬೈತಲೆ ಮೊದಲಿಗಿಂತ ಅಗಲವಾಗಿ ಕಾಣುತ್ತಿದ್ದರೆ ಅದು ಕೂದಲೇ ಕಡಿಮೆಯಾಗುತ್ತಿರುವ ಲಕ್ಷಣ, ಚರ್ಮವೈದ್ಯರಿಗೆ ತೋರಿಸಿ.