ಸ್ಪೇನಿನ ನಾಲ್ಕೂಕಾಲು ಕಾರವಾರದಲ್ಲಿ ಎಷ್ಟು?

ಪ್ರಶ್ನೆ: ನಾನು ಶಿರಸಿಯವನು. ಸ್ಪೇನಿನ ಫುಟ್‌ಬಾಲ್ ಪಂದ್ಯಗಳ ಅಲ್ಲಿನ ಸಮಯಕ್ಕೆ ಮೂರೂವರೆ ಗಂಟೆ ಕೂಡಿಸಿ ಟಿವಿ ಹಾಕುತ್ತಿದ್ದೆ, ಸರಿಯಾಗಿಯೇ ಇತ್ತು. ಅಕ್ಟೋಬರ್ ಕೊನೆಯಿಂದ ಒಂದು ಗಂಟೆ ತಪ್ಪುತ್ತಿದೆ. ಅಮೆರಿಕದ ಪಂದ್ಯವಾದರೆ ದಿನವೇ ತಪ್ಪುತ್ತದೆ. ಯಾವಾಗಲೂ ನಡೆಯುವ ಒಂದು ಲೆಕ್ಕ ಇದೆಯೇ?

ಉತ್ತರ:

ನೀವು ಮನೆಯೊಳಗೆ ಮಾಡಿದ ತಪ್ಪನ್ನು ನಾನು ಊರವರ ಎದುರಿಗೆ ಮಾಡಿದ್ದೇನೆ. ಕಾರವಾರದ ಬೈತಖೋಲದ ಕಡೆ ನಮ್ಮದೊಂದು ಯುವಕ ಸಂಘವಿದೆ. ಗೋವಾ ಪಕ್ಕದಲ್ಲೇ ಇರುವುದರಿಂದಲೋ ಏನೋ, ನಮ್ಮಲ್ಲಿ ಕ್ರಿಕೆಟ್ಟಿಗಿರುವಷ್ಟೇ ಹುಚ್ಚು ಫುಟ್‌ಬಾಲಿಗೂ ಇದೆ. ಸಂಘದ ಕೋಣೆಯ ಹೊರಗಿನ ಕಪ್ಪು ಹಲಗೆಯ ಮೇಲೆ ಪಂದ್ಯದ ಸಮಯ ಬರೆಯುವುದು ನನ್ನ ಕೆಲಸ.

2025ರ ಅಕ್ಟೋಬರ್ 26, ಭಾನುವಾರ. ದೀಪಾವಳಿ ಮುಗಿದಿತ್ತಷ್ಟೇ. ಅಂದು ಮ್ಯಾಡ್ರಿಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಪಂದ್ಯ, ಅಲ್ಲಿನ ಸಮಯ ಸಂಜೆ 4:15. ಆಗಸ್ಟ್‌ನಿಂದ ಕೂಡಿಸುತ್ತ ಬಂದ ಮೂರೂವರೆಯನ್ನೇ ಕೂಡಿಸಿ ನಾನು ಮೊದಲೇ ಹಲಗೆಯ ಮೇಲೆ 7:45 ಎಂದು ಬರೆದಿದ್ದೆ. ಅಷ್ಟರಲ್ಲಿ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಚಿತ್ರ ಓಡಾಡತೊಡಗಿತು. ಯಾವುದೋ ಆ್ಯಪ್‌ನ ಪರದೆಯ ಚಿತ್ರ ಅದು, ಅದರಲ್ಲಿ 7:15 ಎಂದಿತ್ತು. ಹುಡುಗರು ಏಳು ಗಂಟೆಗೇ ಬಂದು ಬೆಂಚು ಹಿಡಿದರು. 7:15 ಆಯಿತು, ಪಂದ್ಯವಿಲ್ಲ. 7:45 ಆಯಿತು, ಆಗಲೂ ಇಲ್ಲ. ‘ಅಣ್ಣಾ, ನಿಮ್ಮ ಹಲಗೆಯನ್ನು ನಂಬಿ ದೋಣಿ ಬಿಟ್ಟರೆ ದಡ ಸೇರುವುದುಂಟೇ?’ ಎಂದು ಒಬ್ಬ ಕೇಳಿದ. ತಂದಿಟ್ಟ ಬಟಾಟೆವಡೆ ಪಂದ್ಯಕ್ಕೆ ಮೊದಲೇ ಖಾಲಿಯಾಯಿತು. ಚೆಂಡು ಉರುಳಿದ್ದು 8:45ಕ್ಕೆ.

ಹೀಗೆ ಒಂದೇ ಪಂದ್ಯಕ್ಕೆ ಮೂರು ಸಮಯ ಸಿಕ್ಕಿತು. ಎರಡು ತಪ್ಪುಗಳೂ ಬೇರೆ ಬೇರೆ ಬಗೆಯವು. ಮೊದಲು ನನ್ನದನ್ನೇ ಹೇಳುತ್ತೇನೆ, ಏಕೆಂದರೆ ನಿಮ್ಮದೂ ಅದೇ.

ಯುರೋಪಿನವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಮಾರ್ಚ್‌ನ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ. ಮ್ಯಾಡ್ರಿಡ್‌ನಲ್ಲಿ ಬೇಸಿಗೆಯ ಹಗಲು ಸುಮಾರು ಹದಿನೈದು ಗಂಟೆ, ಚಳಿಗಾಲದ್ದು ಒಂಬತ್ತು ಚಿಲ್ಲರೆ. ಅಷ್ಟು ಏರಿಳಿತವಿರುವಲ್ಲಿ ಬೆಳಗಿನ ಬೆಳಕನ್ನು ಸಂಜೆಗೆ ಸರಿಸುವ ಆಸೆ ಹುಟ್ಟುವುದು ಸಹಜ. ನಮ್ಮ ಕರಾವಳಿಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಎರಡು ಗಂಟೆಯಷ್ಟೂ ಅಂತರವಿಲ್ಲ. ಇಡೀ ಭಾರತಕ್ಕೆ ವರ್ಷವಿಡೀ ಒಂದೇ ಗಡಿಯಾರ. ಹಾಗಾಗಿ ಅವರು ತಿರುಗಿಸಿದಾಗಲೆಲ್ಲ ನಮಗೂ ಅವರಿಗೂ ನಡುವಿನ ಅಂತರ ಬದಲಾಗುತ್ತದೆ: ಸ್ಪೇನಿಗೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಇಂಗ್ಲೆಂಡಿಗೆ ನಾಲ್ಕೂವರೆ ಮತ್ತು ಐದೂವರೆ. ಆ ಅಕ್ಟೋಬರ್ 26 ಕೊನೆಯ ಭಾನುವಾರವೇ ಆಗಿತ್ತು. ಅಂದು ನಸುಕಿನಲ್ಲಿ ಮೂರು ಗಂಟೆಯಾಗಬೇಕಿದ್ದಾಗ ಸ್ಪೇನಿನ ಗಡಿಯಾರಗಳು ಎರಡಕ್ಕೆ ಮರಳಿದ್ದವು. ಹಿಂದಿನ ದಿನದ ಪಂದ್ಯಕ್ಕೆ ಸರಿಹೋಗುತ್ತಿದ್ದ ನನ್ನ ಲೆಕ್ಕ ರಾತ್ರಿ ಬೆಳಗಾಗುವುದರೊಳಗೆ ಹಳಸಿತ್ತು.

ಆದ್ದರಿಂದ ‘ಸ್ಪೇನ್ ಅಂದರೆ ಮೂರೂವರೆ’ ಎಂದು ಬಾಯಿಪಾಠ ಮಾಡಬೇಡಿ. ನಡುವೆ ಒಂದು ನಿಲ್ದಾಣ ಇಟ್ಟುಕೊಳ್ಳಿ. ಅದು ಯುಟಿಸಿ, ಎಲ್ಲ ದೇಶಗಳ ಗಡಿಯಾರಗಳಿಗೂ ಅಳತೆಗೋಲಾದ ಸಮಯ. ಅದು ಯಾವ ಕಾಲದಲ್ಲೂ ತಿರುಗುವುದಿಲ್ಲ, ನಾವು ಅದಕ್ಕಿಂತ ಸದಾ 5:30 ಮುಂದೆ. ಪಂದ್ಯದ ಊರು ಪಂದ್ಯದ ದಿನದಂದು ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂಬುದೊಂದನ್ನು ಮಾತ್ರ ಹುಡುಕಿದರೆ ಸಾಕು. ಅಕ್ಟೋಬರ್ 26ರಂದು ಮ್ಯಾಡ್ರಿಡ್ ಒಂದು ಗಂಟೆ ಮುಂದಿತ್ತು. 24 ಗಂಟೆಯ ಲೆಕ್ಕದಲ್ಲಿ ಹಿಡಿದರೆ ಅಲ್ಲಿನ 16:15ರಿಂದ 1:00 ಕಳೆದು 15:15. ಅದಕ್ಕೆ 5:30 ಕೂಡಿಸಿದರೆ 20:45, ಅಂದರೆ ರಾತ್ರಿ ಎಂಟೂಮುಕ್ಕಾಲು. ಒಂದು ಹೆಜ್ಜೆ ಹೆಚ್ಚಾಯಿತು ನಿಜ. ಆದರೆ ತಪ್ಪಬಹುದಾದ ಸಂಖ್ಯೆ ಒಂದೇ ಉಳಿಯಿತು.

ಆ ಸಂಖ್ಯೆಗೆ ಮೊಬೈಲಿನ ವಿಶ್ವ ಗಡಿಯಾರವನ್ನು ನೋಡುವವರು ಎಚ್ಚರದಿಂದಿರಬೇಕು. ಅದು ತೋರಿಸುವುದು ಇವತ್ತಿನ ಅಂತರವನ್ನು, ಪಂದ್ಯದ ದಿನದ್ದನ್ನಲ್ಲ. ನಾನು ಆ ಹಲಗೆ ಬರೆದದ್ದು ಗುರುವಾರ. ಬರೆಯುವ ಮುನ್ನ ಮೊಬೈಲಿನಲ್ಲಿ ಮ್ಯಾಡ್ರಿಡ್ ಹಾಕಿ ನೋಡಿಯೂ ಇದ್ದೆ. ಮೂರೂವರೆ ಎಂದೇ ತೋರಿಸಿತು, ಗುರುವಾರದ ಮಟ್ಟಿಗೆ ಅದು ಸತ್ಯವೇ. ಇದಕ್ಕಿಂತ ಕ್ಯಾಲೆಂಡರ್ ಆ್ಯಪ್ ಒಳ್ಳೆಯದು. ಹೊಸ ಕಾರ್ಯಕ್ರಮ ಸೇರಿಸುವಾಗ ಕಾಲವಲಯ ಆರಿಸುವ ಜಾಗವಿರುತ್ತದೆ. ಅಲ್ಲಿ ಮ್ಯಾಡ್ರಿಡ್ ಆರಿಸಿ, ಪಂದ್ಯದ ದಿನಾಂಕ ಮತ್ತು ಅಲ್ಲಿನ ಸಮಯವನ್ನು ಹಾಗೆಯೇ ತುಂಬಿ ಉಳಿಸಿ. ಆ ದಿನದ ಅಂತರ ಹಿಡಿದು ಅದೇ ನಮ್ಮ ಸಮಯಕ್ಕೆ ತಂದು ತೋರಿಸುತ್ತದೆ.

ಇನ್ನು ವಾಟ್ಸ್‌ಆ್ಯಪ್‌ನ 7:15. ಅದನ್ನು ಕಳಿಸಿದ್ದು ದುಬೈಯಲ್ಲಿ ಕೆಲಸಕ್ಕಿರುವ ಭಟ್ಕಳದ ಗೆಳೆಯ. ಇಂಥ ಆ್ಯಪ್‌ಗಳು ಮೊಬೈಲ್ ಇರುವ ಊರಿನ ಸಮಯಕ್ಕೆ ತಾವೇ ಬದಲಿಸಿ ತೋರಿಸುತ್ತವೆ, ಯಾವ ಊರಿನದೆಂದು ಪಕ್ಕದಲ್ಲಿ ಬರೆಯುವುದಿಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವನ 7:15 ಅವನಿಗೆ ಸರಿ, ಅದರ ಚಿತ್ರ ತೆಗೆದು ಊರಿಗೆ ಕಳಿಸಿದ್ದೇ ತಪ್ಪು. ಕೆಲವರು ಆ್ಯಪ್ ಆಗಲೇ ಬದಲಿಸಿ ಕೊಟ್ಟ ಸಮಯಕ್ಕೆ ಮತ್ತೆ ಮೂರೂವರೆಯನ್ನೋ ನಾಲ್ಕೂವರೆಯನ್ನೋ ಕೂಡಿಸಿ ಅಪರಾತ್ರಿಯವರೆಗೆ ಕಾಯುವುದೂ ಉಂಟು.

ಇಂಥದ್ದನ್ನು ನಿಮಿಷ ನೋಡಿಯೇ ಹಿಡಿಯಬಹುದು. ನಮ್ಮ ಕಾಲಮಾನದಲ್ಲಿ ಅರ್ಧ ಗಂಟೆಯ ಬಾಲವಿದೆ, ಸ್ಪೇನಿನದರಲ್ಲಿ ಇಲ್ಲ. ಹಾಗಾಗಿ ಅಲ್ಲಿ ಸರಿಯಾಗಿ ಒಂಬತ್ತಕ್ಕೆ ಶುರುವಾಗುವ ಪಂದ್ಯ ಇಲ್ಲಿ ಯಾವುದೋ ಒಂದು ‘ಊವರೆ’ಗೇ ಬರಬೇಕು, ಕಾಲಿಗೆ ಶುರುವಾಗುವುದು ಮುಕ್ಕಾಲಿಗೆ ಬರಬೇಕು. ಅಲ್ಲಿ 4:15 ಇದ್ದದ್ದು ಇಲ್ಲಿಯೂ 15 ನಿಮಿಷಕ್ಕೇ ನಿಂತಿದೆ ಎಂದರೆ ಅದು ಭಾರತದ ಸಮಯವೇ ಅಲ್ಲ. ನನ್ನ 7:45 ಮಾತ್ರ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಿತ್ತು. ಇಡೀ ಗಂಟೆಯ ತಪ್ಪು ನಿಮಿಷದಲ್ಲಿ ಕಾಣುವುದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ಗೂ ಈ ಉಪಾಯ ಹೊಂದುವುದಿಲ್ಲ, ಅಲ್ಲಿಯೂ ನಮ್ಮಂತೆ ಅರ್ಧ ಗಂಟೆಯ ಬಾಲವಿದೆ.

ಆಸ್ಟ್ರೇಲಿಯಾದ ಹೆಸರು ಬಂದಿತೆಂದು ಒಂದು ಮಾತು. ಅಲ್ಲಿ ಒಂದೇ ದೇಶದೊಳಗೆ ಕೆಲವು ರಾಜ್ಯಗಳು ಗಡಿಯಾರ ತಿರುಗಿಸುತ್ತವೆ, ಕೆಲವು ತಿರುಗಿಸುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್ ಟೆಸ್ಟ್ ಅಲ್ಲಿನ 10:20ಕ್ಕೆ, ಮೆಲ್ಬರ್ನ್ ಟೆಸ್ಟ್ ಅಲ್ಲಿನ 10:30ಕ್ಕೆ. ಅಲ್ಲಿ ಹತ್ತು ನಿಮಿಷ ತಡವಾದ ಮೆಲ್ಬರ್ನ್ ನಮಗೆ ಐವತ್ತು ನಿಮಿಷ ಬೇಗ ಬಂದಿತು: ಬ್ರಿಸ್ಬೇನ್ ಬೆಳಿಗ್ಗೆ 5:50ಕ್ಕೆ, ಮೆಲ್ಬರ್ನ್ 5 ಗಂಟೆಗೆ. ಬ್ರಿಸ್ಬೇನ್ ಬೇಸಿಗೆಯಲ್ಲೂ ಗಡಿಯಾರ ಮುಟ್ಟುವುದಿಲ್ಲ. ದೇಶವನ್ನಲ್ಲ, ಮೈದಾನವಿರುವ ಊರನ್ನು ನೋಡಬೇಕು.

ಅಮೆರಿಕದಲ್ಲಿ ನಿಮಗೆ ದಿನ ತಪ್ಪುವುದಕ್ಕೆ ನಮ್ಮ ಮಾತೂ ಅರ್ಧ ಕಾರಣ. ನಮಗೆ ದಿನ ಹುಟ್ಟುವುದು ಸೂರ್ಯನ ಜೊತೆ. ಪಂಚಾಂಗದ ವಾರವೂ ಸೂರ್ಯೋದಯದಿಂದಲೇ. ‘ಭಾನುವಾರ ರಾತ್ರಿ ಹನ್ನೆರಡೂವರೆ’ ಎಂದರೆ ಭಾನುವಾರ ಉಂಡು ಮಲಗಿದ ಮೇಲಿನ ಹೊತ್ತು ಎಂದೇ ನಮ್ಮ ಅರ್ಥ. ಮೊಬೈಲಿಗೆ ಹಾಗಲ್ಲ. ಅದರ ದಿನ ನಡುರಾತ್ರಿಯಲ್ಲಿ ಹುಟ್ಟುತ್ತದೆ. ಭಾನುವಾರ 12:30 ಎ.ಎಂ. ಎಂದು ಅಲಾರಂ ಇಟ್ಟರೆ ಅದು ಶನಿವಾರ ರಾತ್ರಿಯೇ ಬಡಿದುಕೊಳ್ಳುತ್ತದೆ, ಮನೆಯವರೆಲ್ಲ ಏಳುತ್ತಾರೆ, ಪಂದ್ಯ ಮಾತ್ರ ಇರುವುದಿಲ್ಲ.

2026ರ ವಿಶ್ವಕಪ್ ಫೈನಲ್ಲನ್ನೇ ತೆಗೆದುಕೊಳ್ಳಿ. ನ್ಯೂಜೆರ್ಸಿಯಲ್ಲಿ ಜುಲೈ 19, ಭಾನುವಾರ, ಅಲ್ಲಿನ ಮಧ್ಯಾಹ್ನ 3ಕ್ಕೆ ನಿಗದಿಯಾದ ಪಂದ್ಯ. ಜುಲೈ ಬೇಸಿಗೆ ಸಮಯವಾದ್ದರಿಂದ ನ್ಯೂಜೆರ್ಸಿ ಯುಟಿಸಿಗಿಂತ ನಾಲ್ಕು ಗಂಟೆ ಹಿಂದೆ. ಹಿಂದಿರುವ ಊರಿಗೆ ಕಳೆಯುವ ಬದಲು ಕೂಡಿಸಬೇಕು: 15:00ಕ್ಕೆ 4:00 ಸೇರಿ 19:00, ಅದಕ್ಕೆ 5:30 ಸೇರಿ 24:30. ಇಪ್ಪತ್ನಾಲ್ಕು ದಾಟಿತೆಂದರೆ ಇಪ್ಪತ್ನಾಲ್ಕು ಕಳೆದು ದಿನಾಂಕವನ್ನು ಒಂದು ಮುಂದೆ ಹಾಕಿ. ಜುಲೈ 20, 0:30. ಇಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದವರು ತಮ್ಮ ಪೂರ್ವ ಕರಾವಳಿಯ ಸಮಯಕ್ಕೆ ರೂಢಿಯಲ್ಲಿ ವರ್ಷವಿಡೀ `EST` ಎಂದು ಬರೆದುಬಿಡುತ್ತಾರೆ. ಅದು ಚಳಿಗಾಲದ ಹೆಸರು, ಬೇಸಿಗೆಯದು `EDT`. ಬೇಸಿಗೆಯ ಪಂದ್ಯಕ್ಕೆ ಅಕ್ಷರವನ್ನೇ ನಂಬಿ ಐದು ಗಂಟೆ ಹಿಡಿದರೆ ಒಂದೂವರೆಗೆ ಟಿವಿ ಹಾಕುತ್ತೀರಿ, ಅಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ. ಅಕ್ಷರ ಬಿಟ್ಟು ತಿಂಗಳು ನೋಡಿ. ಅವರು ಗಡಿಯಾರ ತಿರುಗಿಸುವುದು ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ, ಯುರೋಪಿನ ದಿನಗಳಲ್ಲಲ್ಲ.

ಈಗ ನಾನು ಹಲಗೆಯ ಮೇಲೆ ಸಮಯದ ಜೊತೆ ಹಿಂದಿನ ಊಟವನ್ನೂ ಬರೆಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಫೈನಲ್ ದಿನ ದೋಣಿಗಳೆಲ್ಲ ದಡದಲ್ಲೇ ಇರುತ್ತವೆ, ಕೋಣೆ ತುಂಬುವುದು ಖಚಿತ. ಅದಕ್ಕೆ ಬರೆಯಬೇಕಾದ ಸಾಲು ಇದು: ‘ಜುಲೈ 19, ಭಾನುವಾರ, ರಾತ್ರಿ ಊಟವಾದ ಮೇಲೆ 12:30. ಸೋಮವಾರ ಬೆಳಕು ಹರಿಯುವ ಮೊದಲು.’